ಮಜ್ಜಿಗೆಯಿದ್ದ ಮನೆಯ ನೀರು

ಕುರುಗೋಡಿನ ಗವಿಸಿದ್ದಪ್ಪ ಮಾಸ್ತರ ಹೊಟ್ಟೆಪಾಡಿಗೆ ದರ್ಜಿ, ಜೀವಪಾಡಿಗೆ ನಾಟಕಕಾರ. ಸಾಲಿಗೆ ಹೋದದ್ದು ನಾಲ್ಕು ವರ್ಷ. ಆದರೂ ಸುತ್ತಲ ಹಳ್ಳಿಗಳಲ್ಲಿ ಹುಡುಗರು ನಾಟಕ ಕಟ್ಟಬೇಕೆಂದರೆ ಅವನ ಅಂಗಡಿಯ ಕಟ್ಟೆಗೇ ಬರುತ್ತಿದ್ದರು. ಅವನು ಬರೆದ ಹನ್ನೊಂದು ನಾಟಕಗಳಲ್ಲಿ ಏಳರಲ್ಲಿ ನಾನು ಪಾತ್ರ ಮಾಡಿದ್ದೇನೆ. ಹಾಗಾಗಿ ಅವನ ಬದುಕನ್ನು ಬರೆಯುವ ಹಕ್ಕು ನನಗಿದೆ. ಓದಿದವರು ಯಾರೂ ಬರೆಯಲಿಲ್ಲವಾದ್ದರಿಂದ ಬರೆಯುವ ಭಾರವೂ ನನ್ನದೇ.

ನಾನು ಹೇಳುವುದು ಹನ್ನೊಂದನೆಯ ನಾಟಕದ ಮಾತು. ಅದು ಎಪ್ಪತ್ತಾರನೇ ಇಸವಿ. ಸಿರುಗುಪ್ಪದ ಹುಡುಗರು ಹೊಸ ನಾಟಕ ಬೇಕೆಂದು ಕೇಳಿದ್ದರು. ಬಳ್ಳಾರಿಯಿಂದ ಸೀನರಿ ಪರದೆಗಳನ್ನು ಬಾಡಿಗೆಗೆ ಗೊತ್ತುಮಾಡಿಯಾಗಿತ್ತು. ಬ್ರೂಸ್‌ಪೇಟೆಯ ಪ್ರೆಸ್ಸಿನಲ್ಲಿ ಕರಪತ್ರ ಅಚ್ಚಾಗುತ್ತಿತ್ತು. ನಾಟಕ ಮಾತ್ರ ಮುಗಿದಿರಲಿಲ್ಲ.

ಕಥೆ ಇಷ್ಟು: ಒಂದೂರಿನ ಹತ್ತಿ ಗೋದಾಮಿಗೆ ಬೆಂಕಿ ಬಿದ್ದು ಒಬ್ಬ ಹಮಾಲಿ ಸಾಯುತ್ತಾನೆ. ಬೀಡಿ ಎಸೆದವನು ಕಾವಲುಗಾರನೇ ಎಂದು ಅವನ ಮೇಲೆ ಕೇಸಾಗುತ್ತದೆ. ನಿಜವಾಗಿ ಎಸೆದವನು ಬೇರೊಬ್ಬ. ಅದನ್ನು ಕಂಡವನು ಎಸೆದವನ ತಮ್ಮ, ಮುರಿಗೆಪ್ಪ. ಆ ಪಾತ್ರ ನನ್ನದು. ಕೋರ್ಟಿನಲ್ಲಿ ನಿಜ ಹೇಳಿದರೆ ಅಣ್ಣ ಜೈಲಿಗೆ, ಸುಮ್ಮನಿದ್ದರೆ ನಿರಪರಾಧಿ ಜೈಲಿಗೆ.

ಮೊದಲ ಸಲ ಬರೆದಾಗ ಮಾಸ್ತರ ಅಣ್ಣನನ್ನು ಕುಡುಕನನ್ನಾಗಿ ಮಾಡಿದ್ದ. ಓದಿ ಮುಗಿಸುತ್ತಿದ್ದಂತೆ ನಮ್ಮ ಹಾಸ್ಯಪಾತ್ರದ ಅಂಜಿನಪ್ಪ ಎದ್ದು ಪಂಚೆ ಕೊಡವಿದ.

"ಮಾಸ್ತರ್ರೆ, ಇಂಥ ಅಣ್ಣನ್ನ ಹಿಡಕೊಡಾಕ ಮೂರು ಅಂಕ ಯಾಕ ಬೇಕ್ರಿ? ನಾನಾಗಿದ್ರ ಮೊದಲನೇ ಅಂಕದಾಗ ಪೊಲೀಸರನ್ನ ಕರೆದು ಮನಿಗೆ ಉಣ್ಣಾಕ ಹೋಗ್ತಿದ್ದೆ."

"ಬಾಯಿ ಮುಚ್ಚಲೇ" ಎಂದ ಮಾಸ್ತರ. ಆದರೆ ಆ ರಾತ್ರಿಯ ಊಟ ಅವನಿಗೆ ಸೇರಲಿಲ್ಲವಂತೆ. ಮರುದಿನ ಬಂದಾಗ ಅಣ್ಣ ಒಳ್ಳೆಯವನಾಗಿದ್ದ. ತಾನು ಸಾಲಿ ಬಿಟ್ಟು ತಮ್ಮನನ್ನು ಹೆಗಲ ಮೇಲೆ ಹೊತ್ತು ಸಾಲಿಗೆ ಕಳಿಸಿದವನು. ಈಗ ತೊಂದರೆ ಇನ್ನೊಂದು ಬದಿಗೆ ಬಂತು. ಕಾವಲುಗಾರನ ಬಗ್ಗೆ ಯಾರಿಗೂ ಕರುಣೆ ಬರುತ್ತಿರಲಿಲ್ಲ. ಮಾಸ್ತರ ಅವನಿಗೂ ಒಂದು ಹೆಂಡತಿ, ಒಂದು ಕೂಸು ಕೊಟ್ಟ. ಹೊಳೆಯ ಸೆಳವಿಗೆ ಸಿಕ್ಕ ಮುರಿಗೆಪ್ಪನನ್ನು ಅವನೇ ಎಳೆದು ದಂಡೆಗೆ ಹಾಕಿದ ಒಂದು ದೃಶ್ಯವನ್ನು ಮುಂಚೆಯೇ ಸೇರಿಸಿದ.

"ಅಂಗಿಯ ಎರಡು ತೋಳೂ ಒಂದೇ ಅಳತಿ ಇರಬೇಕು," ಎಂದು ಟೇಪನ್ನು ಕೊರಳಿನಿಂದ ಎಳೆದು ತೋರಿಸಿದ. "ಒಂದು ಬೆರಳು ಹೆಚ್ಚುಕಮ್ಮಿ ಆತಂದ್ರ ನೋಡಾಕ ಕುಂತವ್ರು ಮುರಿಗೆಪ್ಪಗಿಂತ ಮೊದಲ ತಾವ ತೀರ್ಪು ಕೊಟ್ಟುಬಿಡ್ತಾರ. ಆಮ್ಯಾಲೆ ಅವ್ರಿಗೆ ಕಾಯಾಕ ಏನೈತಿ?"

ಅಂಜಿನಪ್ಪ ಬಿಡುವವನಲ್ಲ. "ಮುರಿಗೆಪ್ಪ ಹೆಸರಿಲ್ಲದ ಒಂದು ಕಾಗದ ಬರೆದು ಜಡ್ಜಿಗೆ ಹಾಕಿದ್ರ?"

"ಕೋರ್ಟಿನ್ಯಾಗ ಕಟಕಟಿ ಏರಿ ನಿಂತವನ ಮಾತಿಗೆ ಬೆಲಿ. ಕಾಗದಕ್ಕಿಲ್ಲ. ಆ ಮಾತು ವಕೀಲನ ಬಾಯಿಲೆ ಹೇಳಸ್ತೀನಿ."

"ರಾತ್ರೋರಾತ್ರಿ ಆದೋನಿಗೆ ಓಡಿಹೋದ್ರ?"

"ಓಡಿಹೋದ್ರೂ ಸುಮ್ಮನಿದ್ದಂಗ ಆತಲ್ಲೋ. ನಾಳೆ ತೀರ್ಪು ಅಂತ ಇಡ್ತೀನಿ. ಓಡಿದ್ರೂ ಒಂದು ದಾರಿ ಆರಿಸಿದಂಗ, ಕುಂತ್ರೂ ಆರಿಸಿದಂಗ."

"ಅಂಥಾ ಒಳ್ಳೆ ಅಣ್ಣ ತಾನ ಹೋಗಿ ಒಪ್ಕಂತಾನಲ್ರೀ ಮತ್ತ?"

ಮಾಸ್ತರ ಬಟ್ಟೆಯಿಲ್ಲದ ಮಿಷನ್ನನ್ನು ಒಂದೇ ಸಮನೆ ತುಳಿಯತೊಡಗಿದ. ಸೂಜಿ ಬರಿದೇ ಕುಣಿಯುತ್ತಿತ್ತು. ಮೂರು ದಿನ ಹಾಗೆಯೇ ಕಳೆದ. ಯಾರದೋ ಮದುವೆಯ ಕೋಟಿಗೆ ತಪ್ಪು ಕತ್ತರಿ ಹಾಕಿ ಬೈಸಿಕೊಂಡ. ನಾಲ್ಕನೆಯ ದಿನ ಬೆಳಿಗ್ಗೆ ನನ್ನ ಮನೆಗೇ ಬಂದು ಹೇಳಿದ: "ಅಣ್ಣಗ ಗೊತ್ತ ಇಲ್ಲ. ಬೀಡಿ ಆರಿಸಿ ಒಗೆದೀನಿ ಅಂತ ಅವ ನಂಬ್ಯಾನ. ಕಾವಲುಗಾರಗೂ ಗೊತ್ತಿಲ್ಲ. ಅವನೂ ಬೀಡಿ ಸೇದಾವ. ನಂದ ಕಿಡಿ ಇರಬೇಕು ಅಂತ ಅವನ ಎದಿ ಅವನಿಗೆ ಚುಚ್ಚತೈತಿ. ಕಂಡವನು ಒಬ್ಬನ."

ಆ ಕ್ಷಣಕ್ಕೆ ಮುರಿಗೆಪ್ಪ ತಪ್ಪಿಸಿಕೊಳ್ಳುವ ಬಾಗಿಲುಗಳೆಲ್ಲ ಮುಚ್ಚಿದವು. ನಿಜ ಹೇಳಿದರೆ ಅಣ್ಣ ಜೈಲಿಗೆ ಹೋಗುವುದಷ್ಟೇ ಅಲ್ಲ, ಒಬ್ಬನನ್ನು ಸುಟ್ಟವನು ತಾನೆಂದು ತಿಳಿದು ಒಡೆದೇ ಹೋಗುತ್ತಾನೆ. ಹೇಳದಿದ್ದರೆ ಮಾಡದ ಪಾಪವನ್ನು ತನ್ನದೆಂದು ನಂಬಿ ಇನ್ನೊಬ್ಬ ಸವೆಯುತ್ತಾನೆ.

ಮುರಿಗೆಪ್ಪ ಸುಮ್ಮನಿರುತ್ತಾನೆ ಎಂದು ಮಾಸ್ತರ ತೀರ್ಮಾನಿಸಿದ. ಆದರೆ ಕೊನೆಯ ಅಂಕ ನಿಲ್ಲಲಿಲ್ಲ. ಒಂದು ದಾರಿ ಆರಿಸಿದ ಮೇಲೆ ಅದರ ಬೆಲೆ ನೋಡಲು ಕುಂತವರ ಕಣ್ಣಿಗೆ ಕಾಣಬೇಕು. ಜೈಲಿನಿಂದ ಬಂದ ಕಾವಲುಗಾರನ ಕಾಲಿಗೆ ಮುರಿಗೆಪ್ಪ ಬೀಳುವಂತೆ ಬರೆದ. ಹರಿದುಹಾಕಿದ. ಶಾಲು ಹೊದಿಸುವಂತೆ ಬರೆದ. ಅದನ್ನೂ ಹರಿದ. "ಇವೆಲ್ಲ ಅತ್ತು ಹಗುರಾಗೋ ದಾರಿ. ಅವ ಹಗುರಾಗಬಾರದು" ಎನ್ನುತ್ತಿದ್ದ. ಮತ್ತೆ ನನ್ನ ಮುಖ ನೋಡಿ, ಏನೋ ಹೇಳಹೊರಟು, ಕತ್ತರಿ ಹಿಡಿಯುತ್ತಿದ್ದ.

ಸಿರುಗುಪ್ಪಕ್ಕೆ ರಂಗದ ಜಾಗ ನೋಡಲು ಹೊರಟ ಬಸ್ಸಿನಲ್ಲಿ ಅದು ಹೊರಬಂತು. ಕಥೆ ಅವನು ಕಟ್ಟಿದ್ದಲ್ಲ. ಸಿರುಗುಪ್ಪದಲ್ಲಿ ಅವನ ಅಕ್ಕ ವೀರಭದ್ರಮ್ಮ ಇದ್ದಳು. ಹದಿನೆಂಟು ವರ್ಷದ ಹಿಂದೆ ಅಲ್ಲಿನ ಒಂದು ಅಕ್ಕಿ ಗಿರಣಿಯ ಗೋದಾಮು ಸುಟ್ಟು ಒಬ್ಬ ಹಮಾಲಿ ಸತ್ತಿದ್ದ. ಬೀಡಿ ಎಸೆದವನು ಅವಳ ಗಂಡ ಕೊಟ್ರಬಸಪ್ಪ. ಬುತ್ತಿ ಒಯ್ದಿದ್ದ ಅವಳು ಕಣ್ಣಾರೆ ಕಂಡಿದ್ದಳು. ಎರಡು ವರ್ಷ ಜೈಲಿಗೆ ಹೋದವನು ಕಾವಲುಗಾರ ಎರ್ರಣ್ಣ. ಕೊಟ್ರಬಸಪ್ಪ ಏನೂ ತಿಳಿಯದೆ, ಊರಿನಿಂದ ಒಳ್ಳೆಯವನೆನಿಸಿಕೊಂಡು ತೀರಿಹೋಗಿದ್ದ. ಆಮೇಲಿನ ನಾಗರ ಪಂಚಮಿಗೆ ತವರಿಗೆ ಬಂದಾಗ ಅಕ್ಕ ತಮ್ಮನ ಕೈ ಹಿಡಿದು, ಯಾರಿಗೂ ಹೇಳಬಾರದೆಂದು ಮಾತು ತೆಗೆದುಕೊಂಡು ಇದನ್ನು ಹೇಳಿದ್ದಳು. ಇನ್ನೂ ಒಂದು ಹೇಳಿದ್ದಳು. ಜೈಲಿನಿಂದ ಬಂದ ದಿನ ಎರ್ರಣ್ಣ ಅವಳ ಹೊಸ್ತಿಲ ಮುಂದೆ ನಿಂತು ಕುಡಿಯಲು ಕೇಳಿದ. ಅವಳು ಮಜ್ಜಿಗೆ ಕೊಟ್ಟಳು. ಕುಡಿದು, "ನಿಮ್ಮ ಮನಿ ತಣ್ಣಗಿರಲಿ ತಾಯಿ" ಎಂದು ಹರಸಿ ಹೋದ.

"ಅದ ದೃಶ್ಯ" ಎಂದ ಮಾಸ್ತರ. ಮುಂದಿನ ಸೀಟಿನ ಸರಳನ್ನು ಬಿಗಿಯಾಗಿ ಹಿಡಿದಿದ್ದ. "ಉಳಿದದ್ದೆಲ್ಲ ಬದಲಿ ಮಾಡೀನಿ. ಅಕ್ಕನ ಜಾಗದಾಗ ತಮ್ಮನ್ನ ಇಟ್ಟೆ, ಅಕ್ಕಿ ಹೋಗಿ ಹತ್ತಿ ಆತು. ಯಾರಿಗೂ ಗುರುತು ಹತ್ತಂಗಿಲ್ಲ. ಆದ್ರ ಆ ಹೊಸ್ತಿಲ ಮಾತು ಇಬ್ಬರಿಗೇ ಗೊತ್ತು. ಅದನ್ನ ಆಡಿದ್ವಿ ಅಂದ್ರ ಎರ್ರಣ್ಣಗ ತಿಳಿತೈತಿ, ಅಕ್ಕ ಕಂಡಿದ್ಲು ಅಂತ."

"ಮತ್ತ ಬಿಟ್ಟುಬಿಡ್ರಿ."

"ಬಿಟ್ರ ಅವ ಸಾಯೋತನಕ ತಾನ ಕೊಂದೀನಿ ಅಂತ ನಂಬಿರ್ತಾನ. ಗೊತ್ತಿದ್ದೂ ಸುಮ್ಮನಿರಾವ ಈಗ ನಾನು." ಸ್ವಲ್ಪ ತಡೆದು ನಕ್ಕ, ಚೆನ್ನಾಗಿ ನಗಲಾಗಲಿಲ್ಲ. "ನಿನಗ ಹೊಲಿದ ಅಂಗಿ ನನ್ನ ಮೈಗೇ ಬಂತು ನೋಡು."

ಅವನು ನೇರ ಅಕ್ಕನ ಮನೆಗೆ ಹೋದ. ಹಿಂದೆ ನಾನು. ಮಧ್ಯಾಹ್ನ. ವೀರಭದ್ರಮ್ಮ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಒಣಕಲು ಮೈ, ಹಣೆ ತುಂಬ ವಿಭೂತಿ, ಮಾತು ಕೋಲಿನಂತೆ ನೆಟ್ಟಗೆ.

"ಬಾರಲೇ ಗವಿಯಾ. ನಾಟಕ ನಾಟಕ ಅಂತ ತಿರುಗಿ ತಿರುಗಿ ತಂತಿ ಆಗೀದಿ. ಏನು, ಮನ್ಯಾಗ ಮುದ್ದಿ ಹಾಕೂದಿಲ್ಲೇನು?"

ಅವನು ಕುಳಿತುಕೊಳ್ಳಲಿಲ್ಲ. ಕಾಗದ ತೆಗೆದು ನಿಂತೇ ದೃಶ್ಯವನ್ನು ಓದಿದ. ಅವಳ ಬೆರಳು ಮೊರದಲ್ಲಿ ನಿಂತಿತು. ಓದು ಮುಗಿದ ಮೇಲೆ ಮೊರವನ್ನು ಪಕ್ಕಕ್ಕಿಟ್ಟಳು.

"ಮಜ್ಜಿಗಿ ಅಲ್ಲ" ಎಂದಳು. "ಅವತ್ತು ನಿನಗ ಸುಳ್ಳು ಹೇಳಿದ್ದೆ. ನೀರು ಕೊಟ್ಟೆ. ಮಜ್ಜಿಗಿ ಇತ್ತು, ಗಡಿಗಿ ತುಂಬ ಇತ್ತು. ಮಜ್ಜಿಗಿ ಕೊಟ್ರ ಅವ ಕುಂದ್ರತಾನ, ಕುಂತ್ರ ಮಾತಾಡತಾನ ಅಂತ ಹೆದರಿ ನೀರು ಕೊಟ್ಟೆ."

ಮಾಸ್ತರ ಕಾಗದ ಮಡಚಿದ. ಅವನು ಹುಡುಕುತ್ತಿದ್ದದ್ದು ಇದೇ ಎಂದು ನನಗೂ ತಿಳಿಯಿತು. ಮುರಿಗೆಪ್ಪನ ಕೈ ಕೊಡುವಾಗಲೂ ಹಿಂದೆ ಸರಿಯಬೇಕು.

"ಆಡ್ಲೇನಕ್ಕಾ?"

"ನನ್ನ ಯಾಕ ಕೇಳ್ತಿ?" ಅವಳ ದನಿ ಏರಿತು. "ಹೂಂ ಅಂದ್ರ ಅಕ್ಕನ ಹೇಳಿದ್ಲು ಅಂತಿ, ಬ್ಯಾಡ ಅಂದ್ರ ಅಕ್ಕ ಬಿಡಲಿಲ್ಲ ಅಂತಿ. ಅವತ್ತು ನನಗ ಕೇಳಾಕ ಯಾರಿದ್ರು? ನಾನೊಬ್ಬಾಕಿನ ಹೊತ್ತೆ. ನಿಂದು ನೀ ಹೊರು." ಮತ್ತೆ ಮೊರ ಎತ್ತಿಕೊಂಡಳು. "ಆಡಿದ್ರ ಪಂಚಮಿಗೆ ಕರಿಯಾಕ ಬರಬ್ಯಾಡ. ಬ್ಯಾಡ ಅಂತ ಹೇಳ್ತಿಲ್ಲ. ಆಗೂದು ಹೇಳ್ತೀನಿ."

ಅವರ ತಾಯಿ ಬೇಗ ತೀರಿದ್ದಳು. ಗವಿಸಿದ್ದಪ್ಪನನ್ನು ಎತ್ತಿ ಬೆಳೆಸಿದವಳು ಈ ಅಕ್ಕನೇ. ಮೂವತ್ತು ವರ್ಷದಲ್ಲಿ ಅವನು ಪಂಚಮಿಗೆ ಅವಳನ್ನು ಕರೆಯಲು ಹೋಗದ ವರ್ಷವಿರಲಿಲ್ಲ. ತಿರುಗಿ ಬರುವಾಗ ಬಸ್ಸು ತಪ್ಪಿತು. ಅವನು ನಿಲ್ದಾಣದಲ್ಲಿ ಕುಳಿತುಕೊಳ್ಳದೆ ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ ಇದ್ದ. ಬಿಟ್ಟುಬಿಡುತ್ತೇನೆ ಎಂದ. ಎರಡು ಸುತ್ತು ಹಾಕಿ, ಆಡುತ್ತೇನೆ ಎಂದ. ತಾಲೀಮಿನ ಹತ್ತೂ ದಿನ ಇದೇ. ಒಮ್ಮೆ ದೃಶ್ಯ ಇರುತ್ತಿತ್ತು, ಒಮ್ಮೆ ಇರುತ್ತಿರಲಿಲ್ಲ. ನಾಟಕದ ದಿನ ನನಗೆ ಬಣ್ಣ ಹಚ್ಚುವಾಗಲೂ ಹೇಳಲಿಲ್ಲ. ಕೊನೆಯ ಅಂಕಕ್ಕೆ ಪರದೆ ಏಳುವ ಮುಂಚೆ ಪಕ್ಕದಿಂದ ಬಂದು ನನ್ನ ಕೈಗೆ ಒಂದು ತಂಬಿಗೆ ಇಟ್ಟ. ನೋಡಿದೆ. ನೀರು.

ರಂಗದ ಮೂಲೆಯಲ್ಲಿ ಮಜ್ಜಿಗೆಯ ಗಡಿಗೆ ಇಟ್ಟಿದ್ದರು. ನಾನು ಗಡಿಗೆಯ ಕಡೆ ಎರಡು ಹೆಜ್ಜೆ ಹೋಗಿ, ನಿಂತು, ತಿರುಗಿ ನೀರಿನ ತಂಬಿಗೆಯನ್ನೇ ಚಾಚಿದೆ. ಕಾವಲುಗಾರ ಕುಡಿದು ಹರಸಿದ. ಆ ಮಾತಿಗೆ ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕುಳಿತಿದ್ದ ಒಬ್ಬ ಮುದುಕ ಎದ್ದು ನಿಂತ. ಹಿಂದಿನವರು "ಕುಂದ್ರಪ್ಪಾ, ಕಾಣವಲ್ದು" ಎಂದು ಕೂಗಿದರು. ಅವನಿಗೆ ಕೇಳಲಿಲ್ಲ.

ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಆ ಮುದುಕ, ಎರ್ರಣ್ಣ, ನಮ್ಮನ್ನು ಕಾಯುತ್ತಿದ್ದ.

"ಮಾಸ್ತರ್ರೆ, ಆ ಕಿಡಿ ನಂದಲ್ಲೇನ್ರಿ?"

"ಅಲ್ಲಪ್ಪಾ."

ಎರ್ರಣ್ಣ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಕಣ್ಣೀರು ಬಂತು. ಒರೆಸಿಕೊಳ್ಳಲಿಲ್ಲ. "ಹದಿನೆಂಟು ವರ್ಷ ಈ ಕೈಯಾಗ ಉಣ್ಣಾಕ ಹೇಸಿಗಿ ಆಗ್ತಿತ್ತು ನನಗ." ಆಮೇಲೆ ಅಂದ: "ಆದ್ರ ಈ ಊರಾಗ ಮುಖ ತಿರುವದ ಮನಿ ಅದೊಂದ ಅಂತ ತಿಳಕೊಂಡಿದ್ದೆ. ಹಬ್ಬಕ್ಕೊಮ್ಮೆ ಆ ಹೊಸ್ತಿಲಿಗೆ ಕೈ ಮುಗಿದು ಬರ್ತಿದ್ದೆ. ಅದನ್ನೂ ತಗೊಂಡ್ರಿ ನೀವು." ಅವನು ಊರಿನಲ್ಲಿ ಯಾರಿಗೂ ಏನೂ ಹೇಳಲಿಲ್ಲ. ಆ ಮನೆಯ ಓಣಿಗೆ ಮತ್ತೆ ಕಾಲಿಡಲೂ ಇಲ್ಲ.

ಆ ವರ್ಷವೂ ಪಂಚಮಿಗೆ ಗವಿಸಿದ್ದಪ್ಪ ಹೋದ. ಬರಬೇಡ ಎಂದಿದ್ದರೂ ಹೋದ. ನಾನೂ ಜೊತೆಗಿದ್ದೆ. ಒಳಗೆ ಸೊಸೆ ಮಜ್ಜಿಗೆ ಕಡೆಯುವ ಸದ್ದು ಹೊರಗಿನವರೆಗೆ ಬರುತ್ತಿತ್ತು. ವೀರಭದ್ರಮ್ಮ ಬಾಗಿಲಿಗೆ ಬಂದಳು. ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಒಂದು ತಂಬಿಗೆ ನೀರು ತಂದು ಹೊಸ್ತಿಲ ಈಚೆಗೆ ಚಾಚಿದಳು.

ಮಾಸ್ತರ ನಿಂತೇ ಕುಡಿದ. ಪೂರ್ತಿ ಕುಡಿದ. ತಂಬಿಗೆ ತಿರುಗಿ ಕೊಟ್ಟ. ಬಸ್ಸಿಗೆ ಇನ್ನೂ ಎರಡು ತಾಸಿತ್ತು. ಆದರೂ ಅವನು ದಾಪುಗಾಲು ಹಾಕಿದ, ನಾನು ಹಿಂದೆ ಓಡಬೇಕಾಯಿತು.