ಡಿ ಡ್ರೈವಿನಲ್ಲಿದ್ದ ದನಿಗಳು

ಶುಕ್ರವಾರ ಮನೆಯಿಂದ ಏನನ್ನೂ ಹೊರಗೆ ಕೊಡಬಾರದು ಎಂಬುದು ನಮ್ಮ ಅಜ್ಜಿಯ ಕಟ್ಟುನಿಟ್ಟು. ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದ ಪಕ್ಕದ ಮನೆಯವರನ್ನೂ ಆ ದಿನ ಬರಿಗೈಯಲ್ಲಿ ಕಳಿಸುತ್ತಾಳೆ. ನನಗೆ ಈ ಪದ್ಧತಿಯ ಮೇಲೆ ನಂಬಿಕೆ ಇರಲಿಲ್ಲ, ಈಗಲೂ ಇಲ್ಲ. ಆದರೆ ಆ ಶುಕ್ರವಾರ ಅವಳು ಹಟ ಹಿಡಿಯದೆ ಇದ್ದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದಾಗಲೆಲ್ಲ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಎಂ.ಎ. ಓದುವಾಗ ಕೊಂಡ ಲ್ಯಾಪ್‌ಟಾಪನ್ನು ಮಾರಬೇಕಿತ್ತು. ಬ್ಯಾಟರಿ ಸತ್ತೇಹೋಗಿತ್ತು, ಚಾರ್ಜರ್ ಕಿತ್ತರೆ ಪರದೆ ಆರಿಹೋಗುತ್ತಿತ್ತು. ಕೊಳ್ಳಲು ಬಂದವರು ಸಂತೆಬಾಚಹಳ್ಳಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡವರೊಬ್ಬರು, ಮದುವೆ, ನಾಮಕರಣಗಳ ಫೋಟೋ ತೆಗೆಯುವವರು. ಯಾರೋ ಪರಿಚಯದವರ ಮೂಲಕ ನಂಬರು ಸಿಕ್ಕಿ, ಕಿರಂಗೂರಿನ ನಮ್ಮ ಮನೆ ಹುಡುಕಿಕೊಂಡು ಬೆಳಿಗ್ಗೆಯೇ ಬೈಕಿನಲ್ಲಿ ಬಂದಿದ್ದರು. ಊರಿನ ಹೆಸರು ಕೇಳಿ ನಾನು ಒಂದು ಕ್ಷಣ ತಡೆದೆ. ಆಮೇಲೆ, ಎಲ್ಲ ಅಳಿಸಿದ್ದೇನಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಅಳಿಸಿದ್ದೇನೆ ಎಂದುಕೊಂಡದ್ದು ಏನನ್ನು ಎಂಬುದನ್ನು ಇಲ್ಲಿ ಹೇಳಬೇಕು. ನನ್ನ ಪ್ರಬಂಧಕ್ಕಾಗಿ ಕೆ.ಆರ್. ಪೇಟೆ ತಾಲ್ಲೂಕಿನ ಹಳ್ಳಿಗಳಲ್ಲಿ ಮದುವೆಯಾಗಿ ಬಂದ ಹೆಂಗಸರನ್ನು ಮಾತನಾಡಿಸಿ, ಅವರ ಮಾತನ್ನು ರೆಕಾರ್ಡ್ ಮಾಡಿಕೊಂಡಿದ್ದೆ. ಅವರಲ್ಲೊಬ್ಬಳು ಸಂತೆಬಾಚಹಳ್ಳಿಯ ಹತ್ತಿರದವಳು. ಹಿತ್ತಲಲ್ಲಿ ಹುರುಳಿ ಕೇರುತ್ತಾ, ಗಂಡನ ಮನೆಯಲ್ಲಿ ಯಾರಿಗೂ ಹೇಳದ ಒಂದು ಸಂಗತಿಯನ್ನು ನನಗೆ ಹೇಳಿದಳು. ಅದೇನೆಂದು ಇಲ್ಲಿಯೂ ಬರೆಯುವುದಿಲ್ಲ. ಹೇಳಿ ಮುಗಿಸಿದ ಮೇಲೆ ಅವಳು ನನ್ನ ಫೋನನ್ನೇ ನೋಡುತ್ತಾ, “ಇದ್ನ ನಮ್ಮತ್ತೆ ಕೇಳಿಸ್ಕಂಡ್ರೆ ನಾನೀ ಮನೇಲಿ ಇರಂಗಿಲ್ಲ ಕಣಕ್ಕ. ನಿನ್ ಕೆಲ್ಸ ಆಗೋಗ್ಲಿ, ಆಮೇಲೆ ಅಳಿಸ್ಬುಡು” ಎಂದಿದ್ದಳು. ಅಳಿಸುತ್ತೇನೆ ಎಂದಿದ್ದೆ. ಪ್ರಬಂಧದಲ್ಲಿ ಹೆಸರು, ಊರು ಎಲ್ಲ ಬದಲಾಯಿಸಿದೆ. ದನಿಯನ್ನು ಬದಲಾಯಿಸಲು ಬರುವುದಿಲ್ಲ. ಆ ಕಡೆಯವರು ಎರಡು ಮಾತು ಕೇಳಿದರೆ ಸಾಕು, ಇದು ಇಂಥವರ ಸೊಸೆ ಎಂದುಬಿಡುತ್ತಾರೆ.

ಡಿಗ್ರಿ ಕೈಗೆ ಬಂದಿತ್ತು. ಗುರುವಾರ ಸಂಜೆ ಕಡತಗಳನ್ನೆಲ್ಲ ಡಿಲೀಟ್ ಮಾಡಿ, ರೀಸೈಕಲ್ ಬಿನ್ ಖಾಲಿ ಮಾಡಿದೆ. ರೆಕಾರ್ಡಿಂಗ್‌ಗಳಿದ್ದ ಡಿ ಡ್ರೈವನ್ನು ಫಾರ್ಮ್ಯಾಟ್ ಕೂಡ ಮಾಡಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಅಷ್ಟು ಬೇಗ ಮುಗಿದದ್ದೇ ಅನುಮಾನ ಹುಟ್ಟಿಸಬೇಕಿತ್ತು.

ಸ್ಟುಡಿಯೋದವರು ಹಜಾರದಲ್ಲಿ ಕೂತರು. ಲ್ಯಾಪ್‌ಟಾಪನ್ನು ಪರೀಕ್ಷೆ ಮಾಡುವ ಬಗೆ ಅವರದೇ ಆಗಿತ್ತು. ಜೇಬಿನಿಂದ ಕ್ಯಾಮೆರಾದ ಮೆಮೊರಿ ಕಾರ್ಡ್ ತೆಗೆದು ಸಿಕ್ಕಿಸಿದರು.

“ಮೊನ್ನೆ ನಾಮಕರಣದ್ದು. ಕಾಪಿ ಮಾಡೋಕ್ ಮುಂಚೆ ನಾನೇ ಫಾರ್ಮ್ಯಾಟ್ ಒಡ್ದ್‌ಬುಟ್ಟಿವ್ನಿ. ನಿಮ್ ಲ್ಯಾಪ್‌ಟಾಪ್ ಏಟ್ ಬೇಗ ಎತ್ತುತ್ತೋ ನೋಡ್ಮ ಅಂತ ತಂದೆ ಮೇಡಂ” ಎಂದರು.

“ಫಾರ್ಮ್ಯಾಟ್ ಆಗಿದ್ದು ವಾಪಸ್ ಬರುತ್ತಾ?”

“ನಮ್ ಕಸುಬಲ್ಲಿ ಇದು ದಿನಾ ಇದ್ದದ್ದೇ. ಇಲ್ದಿದ್ರೆ ಮದ್ವೆಮನೆಯವ್ರು ನನ್ ಚರ್ಮ ಸುಲೀತಿದ್ರು.”

ಪೆನ್‌ಡ್ರೈವಿನಲ್ಲಿ ತಂದಿದ್ದ ಒಂದು ಪ್ರೋಗ್ರಾಂ ಓಡಿಸಿದರು. ಖಾಲಿ ಎಂದು ತೋರಿಸುತ್ತಿದ್ದ ಕಾರ್ಡಿನಿಂದ ಒಂದೊಂದೇ ಚಿತ್ರ ಮೇಲೆದ್ದು ಬರತೊಡಗಿತು. ತೊಟ್ಟಿಲು, ಮಗು, ಸೋದರತ್ತೆ. ಅಷ್ಟಕ್ಕೇ ನಿಲ್ಲಲಿಲ್ಲ. ಅದರ ಹಿಂದಿನಿಂದ ಬೇರೆ ಯಾರದೋ ಧಾರೆ ಬಂತು, ಬೇರೆ ಚಪ್ಪರ ಬಂತು.

“ಓ, ಇದು ಓದ್ ವರ್ಸ ನಾಗಮಂಗ್ಲದಲ್ಲಿ ತೆಗ್ದಿದ್ದು” ಎಂದು ಅವರು ನಕ್ಕರು.

ಅಜ್ಜಿ ಬಗ್ಗಿ ನೋಡಿದಳು. “ಎಣ್ಣು ಲಕ್ಷಣವಾಗವ್ಳೆ. ಗಂಡು ಯಾಕ್ಲಾ ಹಿಂಗ್ ಮುಖ ಗಂಟಾಕ್ಕಂಡವ್ನೆ?”

“ಆಗ್ಲೇ ಗೊತ್ತಾಗಿತ್ತೋ ಏನೋ ಅಜ್ಜಿ.”

ಅಜ್ಜಿ ನಕ್ಕಳು. ನನಗೆ ನಗು ಬರಲಿಲ್ಲ. ಅವರು ನನ್ನ ಮುಖ ನೋಡಿ ಏನೆಂದುಕೊಂಡರೋ, ತುಂಬ ಒಳ್ಳೆಯ ದನಿಯಲ್ಲಿ ಹೇಳಿದರು: “ನಿಮ್ದೂ ಯಾವ್ದಾರ ಫೋಟೋ ಕಳ್ದೋಗಿದ್ರೆ ಯೇಳಿ ಮೇಡಂ. ಮನೇಗೋಗಿ ಪೂರ್ತಿ ಡಿಸ್ಕ್ ಜಾಲಾಡಿ, ಸಿಕ್ಕಿದ್ದೆಲ್ಲ ನಿಮ್ಗೆ ಕಳಿಸ್‌ಕೊಡ್ತೀನಿ. ಕಾಸ್‌ಗೀಸ್ ಏನ್ ಬ್ಯಾಡ.”

ಬೇಡ, ಏನೂ ಕಳೆದಿಲ್ಲ ಎಂದೆ. “ಅಂಗಲ್ಲ, ಎಲ್ಲಾರ್ದೂ ಏನಾರ ಇದ್ದೇ ಇರ್ತದೆ” ಎಂದು ಲ್ಯಾಪ್‌ಟಾಪನ್ನು ಮುಚ್ಚಿ ಚೀಲಕ್ಕೆ ಹಾಕತೊಡಗಿದರು. ವ್ಯಾಪಾರದ ಮಾತು ಆಗಿತ್ತು. ತಡೆಯಲು ನನಗೆ ಕಾರಣವೇ ಹೊಳೆಯಲಿಲ್ಲ. ನಿಜವಾದ ಕಾರಣ ಹೇಳಿದರೆ ಅದೇ ಅವರ ಕುತೂಹಲ ಕೆರಳಿಸುತ್ತಿತ್ತು.

ಆಗ ಅಜ್ಜಿ ಚೀಲದ ಪಟ್ಟಿಗೆ ಕೈಹಾಕಿದಳು. “ಇವತ್ತು ಸುಕ್ರವಾರ ಕಣಪ್ಪ. ವಸ್ತು ಆಚೆಗೆ ಕೊಡಾಕಿಲ್ಲ. ನಾಳೆ ಬಾ.”

“ಅಜ್ಜಿ, ಸಂತೆಬಾಚಳ್ಳಿಯಿಂದ ಬಂದಿವ್ನಿ.”

“ಅಲ್ಲೂ ಸುಕ್ರವಾರನೇ ಅಲ್ವೇನ್ಲಾ? ನಿಮ್ಮವ್ವ ಕೊಟ್ಟಾಳಾ? ಕಾಪಿ ಕುಡ್ಕಂಡು ಹೋಗು.”

ಅವರು ಗೊಣಗಿಕೊಂಡೇ ಕಾಫಿ ಕುಡಿದರು. ಹೇಗೂ ಶ್ರೀರಂಗಪಟ್ಟಣದಲ್ಲಿ ಒಂದು ನಿಶ್ಚಿತಾರ್ಥದ ಕೆಲಸವಿದೆ, ಬೆಳಗೊಳದ ಭಾವನ ಮನೆಯಲ್ಲಿ ಉಳಿದು ನಾಳೆ ಬೆಳಿಗ್ಗೆ ಬರುತ್ತೇನೆ ಎಂದು ಹೊರಟರು.

ಬಾಗಿಲು ಹಾಕಿ ಕೂತು, ಅಂಥದೇ ಒಂದು ಪ್ರೋಗ್ರಾಂ ಇಳಿಸಿಕೊಂಡು ನನ್ನ ಡಿ ಡ್ರೈವಿನ ಮೇಲೆ ಓಡಿಸಿದೆ. ಕೇಳಿಸಿಕೊಳ್ಳಲು ಇಯರ್‌ಫೋನ್ ಹಾಕಿಕೊಂಡಿದ್ದೆ. ಮೊದಲು ಸಿಕ್ಕ ಕಡತವನ್ನೇ ಒತ್ತಿದೆ. ಹುರುಳಿ ಕೇರುವ ಸದ್ದು, ಆಮೇಲೆ ಅವಳ ದನಿ, ಹಿತ್ತಲಿನ ಕೋಳಿಯ ಕೂಗಿನೊಂದಿಗೆ ಸ್ಪಷ್ಟವಾಗಿ. ತಟ್ಟನೆ ನಿಲ್ಲಿಸಿದೆ.

ಡಿಲೀಟ್ ಎನ್ನುವುದು ಹೆಸರು ಹೊಡೆದುಹಾಕುವುದಷ್ಟೇ. ಪಹಣಿಯಲ್ಲಿ ಹೆಸರು ತೆಗೆದ ಮಾತ್ರಕ್ಕೆ ಗದ್ದೆಯ ಪೈರು ಮಾಯವಾಗುವುದಿಲ್ಲ. ಬೇರೆಯವರು ಬಂದು ಉಳುವ ತನಕ ಅಲ್ಲೇ ನಿಂತಿರುತ್ತದೆ. ಡಿಸ್ಕಿನಲ್ಲೂ ಹಾಗೆಯೇ. ಈ ಜಾಗ ಇನ್ನು ಖಾಲಿ, ಬೇಕಾದವರು ಬಳಸಿಕೊಳ್ಳಬಹುದು ಎಂದು ಗುರುತು ಬೀಳುತ್ತದೆ. ಮೇಲೆ ಇನ್ನೇನಾದರೂ ಬರೆಯುವ ತನಕ ಹಳೆಯದು ಹಾಗೇ ಇರುತ್ತದೆ. ನಾನು ಗುರುವಾರ ಮಾಡಿದ್ದು ‘ಕ್ವಿಕ್’ ಫಾರ್ಮ್ಯಾಟ್. ಅದು ಪಹಣಿಯ ಪುಸ್ತಕವನ್ನೇ ಹೊಸದಾಗಿಸುತ್ತದೆ, ಗದ್ದೆಗೆ ಇಳಿಯುವುದಿಲ್ಲ. ಆ ‘ಕ್ವಿಕ್’ ಪದದ ಮುಂದಿನ ಸರಿ ಗುರುತನ್ನು ತೆಗೆದರೆ ಮಾತ್ರ ಕಂಪ್ಯೂಟರ್ ಡ್ರೈವಿನ ಉದ್ದಕ್ಕೂ ಸೊನ್ನೆ ಬರೆಯುತ್ತಾ ಹೋಗುತ್ತದೆ. ನನ್ನದು ಒಳಗೆ ತಟ್ಟೆ ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಆದ್ದರಿಂದ ಒಮ್ಮೆ ಪೂರ್ತಿ ಬರೆದರೆ ಸಾಕು.

ಗುರುತು ತೆಗೆದು ಮತ್ತೆ ಶುರು ಮಾಡಿದೆ. ಕೆಲಸ ಎಷ್ಟಾಯಿತೆಂದು ತೋರಿಸುವ ಹಸಿರು ಪಟ್ಟಿ ಇರುವೆಯ ಹಾಗೆ ಚಲಿಸಿತು. ಅಡುಗೆಮನೆಗೆ ಹೋದೆ, ಬಂದೆ, ಬಟ್ಟೆ ಮಡಿಸಿದೆ, ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದೆ. ಪಟ್ಟಿ ಅರ್ಧಕ್ಕೂ ಬಂದಿರಲಿಲ್ಲ, ಕರೆಂಟು ಹೋಯಿತು. ಫ್ಯಾನಿನ ಜೊತೆಗೆ ಪರದೆಯೂ ಆರಿತು.

“ಲೈನ್ ಕೆಲ್ಸವಂತೆ. ಸಂಜೆ ಗಂಟ ಬರಾಕಿಲ್ವಂತೆ” ಎಂದು ಅಜ್ಜಿ ಜಗಲಿಯಿಂದ ಸಾರಿದಳು.

ಪಾಂಡವಪುರದಲ್ಲಿರುವ ಚಿಕ್ಕಮ್ಮನ ಮನೆಯಲ್ಲಿ ಯುಪಿಎಸ್ ಇದೆ. ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ಅಜ್ಜಿ ಹೊಸಿಲಿಗೆ ಅಡ್ಡ ನಿಂತಳು.

“ಆ ಅಣ್ಣುಂಗೆ ಬ್ಯಾಡ ಅಂದು, ನೀನೇ ಆಚೆಗೆ ತಗಂಡೋಯ್ತಿಯಾ?”

“ಕೊಡೋದಕ್ಕಲ್ಲ ಅಜ್ಜಿ. ಚಿಕ್ಕಮ್ಮನ ಮನೆಗೆ ಹೋಗಿ ಸಂಜೆ ವಾಪಸ್ ತರ್ತೀನಿ.”

“ಅಲ್ ಮಡಗಿ ಬರಾಕಿಲ್ಲ ತಾನೇ?”

“ಇಲ್ಲ.”

“ಅಂಗಾದ್ರೆ ಸರಿ. ಒಸಿ ಮೊಸ್ರನ್ನ ತಿನ್ಕಂಡೋಗು.”

ತಿನ್ನಲಿಲ್ಲ. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಹಿಡಿದಿದ್ದೆ. ಪಕ್ಕದಲ್ಲಿದ್ದ ಹೆಂಗಸು, “ಮೊಟ್ಟೆ ಏನಾರ ಅವಾ ಮಗ ಅದ್ರಲ್ಲಿ?” ಎಂದು ಕೇಳಿದಳು. ಇಲ್ಲವೆಂದು ತಲೆಯಾಡಿಸಿದೆ. ಆದರೂ ಅವಳು ಮೊಣಕೈಯನ್ನು ತನ್ನ ಕಡೆಗೆ ಎಳೆದುಕೊಂಡಳು.

ಚಿಕ್ಕಮ್ಮ ಏನೂ ಕೇಳದೆ ಸ್ವಿಚ್ ಬೋರ್ಡು ತೋರಿಸಿದಳು. ಅರ್ಧಕ್ಕೆ ನಿಂತ ಡಿ ಡ್ರೈವು ತೆರೆಯಲೇ ಇಲ್ಲ. ಮೊದಲಿನಿಂದ ಶುರು ಮಾಡಬೇಕಾಯಿತು. ಅಲ್ಲೂ ನಡುವೆ ಒಮ್ಮೆ ಕರೆಂಟು ಹೋಯಿತು. ಯುಪಿಎಸ್ ಕಿರ್ರೆಂದಿತು, ಪಟ್ಟಿ ನಿಲ್ಲಲಿಲ್ಲ. ನಾನು ಎದ್ದು ನಿಂತಿದ್ದೆ.

“ಕೂತ್ಕಳೇ. ನೀನು ನೋಡ್ತಾ ನಿಂತ್ರೆ ಬೇಗ ಆಯ್ತದಾ?” ಎಂದಳು ಚಿಕ್ಕಮ್ಮ. “ಹೆರಿಗೆ ವಾರ್ಡಿನ ಮುಂದೆ ಗಂಡಸ್ರು ತಿರುಗ್ದಂಗೆ ತಿರುಗ್ತಾ ಇದೀಯಲ್ಲ.”

ಡಿ ಮುಗಿದ ಮೇಲೆ ವಿಂಡೋಸ್ ಇರುವ ಸಿ ಡ್ರೈವು ಉಳಿದಿತ್ತು. ಕೆಲವು ರೆಕಾರ್ಡಿಂಗ್‌ಗಳನ್ನು ಮೊದಲು ಡೌನ್‌ಲೋಡ್ಸ್ ಫೋಲ್ಡರಿಗೆ ಇಳಿಸಿ ಆಮೇಲೆ ಡಿಗೆ ಸಾಗಿಸಿದ್ದೆ. ಹಾಗೆ ಸಾಗಿಸಿದಾಗಲೂ ಮೊದಲ ಜಾಗದಲ್ಲಿ ಅವುಗಳ ಉಳಿಕೆ ಇರುತ್ತದೆ. ವಿಂಡೋಸನ್ನು ರೀಸೆಟ್ ಮಾಡುವಾಗ ‘ಎಲ್ಲವನ್ನೂ ತೆಗೆ’ ಎಂಬುದರ ಜೊತೆಗೆ, ಡ್ರೈವನ್ನೂ ಶುದ್ಧ ಮಾಡು ಎಂಬ ಇನ್ನೊಂದು ಆಯ್ಕೆ ಇದೆ. ಬಹಳ ಹೊತ್ತು ಹಿಡಿಯುತ್ತದೆ ಎಂದು ಅದೇ ಎಚ್ಚರಿಸುತ್ತದೆ. ಹಿಡಿಯಲಿ ಎಂದು ಒತ್ತಿದೆ. ಮುಗಿದಾಗ ಚಿಕ್ಕಮ್ಮ ದೀಪ ಹಚ್ಚುತ್ತಿದ್ದಳು. ಮಾತು ಕೊಟ್ಟಂತೆ ಲ್ಯಾಪ್‌ಟಾಪನ್ನು ಹೊತ್ತು ಬಸ್ಸು ಹತ್ತಿದೆ.

ಶನಿವಾರ ಬೆಳಿಗ್ಗೆ ಸ್ಟುಡಿಯೋದವರು ಬಂದು ಮತ್ತೆ ಹಜಾರದಲ್ಲೇ ಕೂತರು. ನಾನು ಕೇಳದೆಯೇ ಪೆನ್‌ಡ್ರೈವ್ ಸಿಕ್ಕಿಸಿ, “ನೋಡೇಬುಡ್ಮ ಮೇಡಂ, ನಿಮ್ಗೊಂದ್ ಉಪಕಾರ ಆಗ್ಲಿ” ಎಂದು ಡಿ ಡ್ರೈವಿನ ಮೇಲೆ ಆ ಪ್ರೋಗ್ರಾಂ ಓಡಿಸಿದರು. ನಾನು ಗೋಡೆಗೆ ಒರಗಿ ನಿಂತೆ. ಅಂಕಿಗಳು ಏರಿದವು. ಸಿಕ್ಕ ಕಡತಗಳು ಎಂಬುದರ ಮುಂದೆ ಸೊನ್ನೆಯೇ ಉಳಿಯಿತು. ಅವರು ಹುಬ್ಬು ಗಂಟಿಕ್ಕಿ ಸಿ ಡ್ರೈವನ್ನೂ ನೋಡಿದರು. ವಿಂಡೋಸಿನವೇ ಚೂರುಪಾರು ಚಿತ್ರ, ಗಂಟೆ ಬಾರಿಸುವ ಸದ್ದಿನ ಕಡತ. ಅದನ್ನು ಅವರು ಒತ್ತಿದಾಗ ‘ಟಿಂಗ್’ ಎಂದಿತು. ನಾನು ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಿದ್ದೆ.

“ಏನೂ ಇಲ್ವಲ್ಲ ಮೇಡಂ. ಪಾಪ. ನೆನ್ನೇನೇ ತಗಂಡೋಗಿದ್ರೆ ಏನಾರ ಸಿಕ್ತಿತ್ತೋ ಏನೋ” ಎಂದು ಮರುಗಿದರು. “ನಿಮ್ಮಜ್ಜಿ ಬುಡ್ಲಿಲ್ಲ.”

“ನಾನೇನ್ಲಾ ಮಾಡ್ದೆ?” ಎಂದಳು ಅಜ್ಜಿ.

“ಪರವಾಗಿಲ್ಲ” ಎಂದೆ.

ಅವರು ದುಡ್ಡು ಕೊಟ್ಟು ಲ್ಯಾಪ್‌ಟಾಪ್ ಒಯ್ದ ಮೇಲೆ, ಫೋನಿಗೆ ಹಾಕಿ ರೆಕಾರ್ಡಿಂಗ್ ಮಾಡಿ ಲ್ಯಾಪ್‌ಟಾಪಿಗೆ ಸಾಗಿಸಲು ಬಳಸುತ್ತಿದ್ದ ಪುಟ್ಟ ಮೆಮೊರಿ ಕಾರ್ಡನ್ನು ಹುಡುಕಿ ತೆಗೆದೆ. ಇಂಥ ಕಾರ್ಡುಗಳು ಹಾರ್ಡ್ ಡಿಸ್ಕಿನಂತಲ್ಲ. ಮೇಲೆ ಬರೆ ಎಂದರೆ ಕಾರ್ಡು ತನಗೆ ತೋಚಿದ ಬೇರೆ ಜಾಗದಲ್ಲಿ ಬರೆದುಕೊಂಡು ಹಳೆಯದನ್ನು ಬದಿಗೆ ಉಳಿಸಿರಬಹುದು. ಅಡಕತ್ತರಿಯಲ್ಲಿ ಅದನ್ನು ತುಂಡು ತುಂಡು ಮಾಡಿದೆ. ಅಜ್ಜಿ ಅಡಕತ್ತರಿಯನ್ನು ಸೀರೆಯ ಸೆರಗಿನಲ್ಲಿ ಒರೆಸಿಕೊಂಡು, ತನ್ನ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡಳು.

ಅಳಿಸಿದೆ ಎಂದು ಆ ಹೆಂಗಸಿಗೆ ತಿಳಿಸಬೇಕೆನ್ನಿಸಿತು. ನನ್ನ ಬಳಿ ಇರುವ ನಂಬರು ಅವರ ಮನೆಯದು; ಎತ್ತುವವರು ಅವಳ ಅತ್ತೆ. ಯಾರು ನೀನು, ಏನು ಕೆಲಸ ಎಂದು ಕೇಳಿದರೆ, ಏನು ಹೇಳಿದರೂ ಸೊಸೆಯ ಮೇಲೆ ಅನುಮಾನ ಬೀಳುತ್ತದೆ. ಎರಡು ಸಲ ನಂಬರು ತೆಗೆದು ನೋಡಿದೆ. ಆಮೇಲೆ ಅದನ್ನೂ ಫೋನಿನಿಂದ ತೆಗೆದುಹಾಕಿದೆ. ಹಿತ್ತಲಲ್ಲಿ ಕೂತು ಏನನ್ನಾದರೂ ಕೇರುವಾಗ, ತನ್ನ ದನಿ ಎಲ್ಲೋ ಯಾರದೋ ಕೈಯಲ್ಲಿದೆ ಎಂದು ಅವಳು ಈಗಲೂ ಅಂದುಕೊಳ್ಳುತ್ತಿರಬಹುದು.