ಮೇಲಿನ ಸಾಲು

ಊರು ಬಿಟ್ಟು ಬಂದು ಈ ಪರನಾಡಿನಲ್ಲಿ ನೆಲೆಸಿದ ನಾವು ಕನ್ನಡದವರೆಲ್ಲ ಅವರನ್ನು ಕನ್ನಡಕದಕ್ಕ ಎಂದೇ ಕರೆಯುವುದು. ಬಸ್ ನಿಲ್ದಾಣದ ಎದುರಿನ ಕನ್ನಡಕದ ಅಂಗಡಿಯಲ್ಲಿ, ಗಿರಾಕಿಗಳಿಗೆ ಕಾಣದ ಹಿಂದಿನ ಕೋಣೆಯಲ್ಲಿ ಅವರ ಕೆಲಸ. ಲೆನ್ಸನ್ನು ಫ್ರೇಮಿನ ಅಳತೆಗೆ ಉಜ್ಜಿ, ಅಂಚು ನಯ ಮಾಡಿ, ಒಂದು ಕೂದಲೆಳೆಯಷ್ಟೂ ಓರೆಯಾಗದಂತೆ ಕೂರಿಸಬೇಕು. ಶನಿವಾರ ಬೆಳಿಗ್ಗೆ ಮಾತ್ರ ರಜೆ ಹಾಕಿ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದರು. ಚಿಕ್ಕವರ ಬಾಯಲ್ಲಿ ಕನ್ನಡಕವೂ ಕನ್ನಡವೂ ಕಲಸಿಹೋಗಿ ಅವರು ಒಮ್ಮೆ ಕನ್ನಡದಕ್ಕ, ಇನ್ನೊಮ್ಮೆ ಕನ್ನಡಕದಕ್ಕ ಆಗುತ್ತಿದ್ದರು. ಅವರೇನೂ ತಿದ್ದುತ್ತಿರಲಿಲ್ಲ.

ನಾನು ಆಸ್ಪತ್ರೆಯಲ್ಲಿ ನರ್ಸ್. ನನ್ನ ಐದು ವರ್ಷದ ಮಗಳನ್ನು, ಮನೆಯಲ್ಲಿ ಗುಬ್ಬಿ ಅಂತ ಕರೆಯುತ್ತೇವೆ, ಅವರ ತರಗತಿಗೆ ಕರೆದೊಯ್ಯುತ್ತಿದ್ದೆ. ಹಾಗಾಗಿ ಆದದ್ದೆಲ್ಲ ನನ್ನ ಕಣ್ಣೆದುರಿಗೇ ಆಯಿತು. ಅದರಲ್ಲಿ ನನ್ನ ಪಾಲಿನ ತಪ್ಪೂ ಇದೆ.

ಮಕ್ಕಳ ಪುಸ್ತಕ ಬರೆಯುವ ಕೆಲಸಕ್ಕೆ ಅಕ್ಕ ಕೈಹಾಕಿದ್ದು ಅವರ ಮಗಳಿಗೆ ನಾಲ್ಕು ವರ್ಷವಾಗಿದ್ದಾಗ. ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಮಗು ಶಾಲೆಯ ಭಾಷೆಯಲ್ಲಿ ಉತ್ತರ ಕೊಡಲು ಶುರುಮಾಡಿತ್ತು. ಊರಿನಿಂದ ತರಿಸಿದ ಪುಸ್ತಕಗಳು ಬಹಳ ಚೆನ್ನಾಗಿದ್ದವು, ಆದರೆ ಪುಟಕ್ಕೆ ಹತ್ತು ಹನ್ನೆರಡು ಸಾಲು. ಅದರಲ್ಲಿ ಕಣಜ, ಹಗೇವು, ನೇಗಿಲು. ಲಿಫ್ಟಿನಲ್ಲಿ ಏರಿಳಿಯುವ ಮಗುವಿಗೆ ಒಂದೊಂದು ಪದಕ್ಕೂ ಒಂದೊಂದು ಪಾಠ ಹೇಳಬೇಕು, ಕಥೆ ಅಷ್ಟರಲ್ಲಿ ಮಲಗಿಬಿಡುತ್ತಿತ್ತು. ಸರಿ, ನಾನೇ ಬರೀತೀನಿ ಎಂದು ಕೂತರು. ಲಿಫ್ಟ್ ಕೆಟ್ಟುಹೋದ ದಿನ, ಶಾಲೆಯ ಬಸ್ಸಿನಲ್ಲಿ ಕಳೆದುಹೋದ ಕೈಚೀಲ, ಹೀಗೆ ಏಳು ವರ್ಷದಲ್ಲಿ ಹನ್ನೊಂದು ಪುಸ್ತಕ. ಪುಟಕ್ಕೊಂದು ಚಿತ್ರ, ಅದರ ಕೆಳಗೆ ಕನ್ನಡದ ಒಂದು ಸಾಲು. ಆ ಸಾಲಿನ ಕೆಳಗೆ ಅದೇ ಕನ್ನಡ, ಇಂಗ್ಲಿಷ್ ಅಕ್ಷರದಲ್ಲಿ. ಏಕೆಂದರೆ ಅಪ್ಪ ಅಮ್ಮಂದಿರಲ್ಲೇ ಅರ್ಧ ಜನಕ್ಕೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. "ಇದು ಕೈಹಿಡಿದು ನಡೆಸೋಕೆ ಅಷ್ಟೇ. ಒಂದೆರಡು ವರ್ಷ ಆದ್ಮೇಲೆ ತೆಗೆದುಬಿಡ್ತೀನಿ" ಅನ್ನುತ್ತಿದ್ದರು ಅಕ್ಕ. ಆ ಒಂದೆರಡು ವರ್ಷ ಮುಗಿಯಲೇ ಇಲ್ಲ.

ಅಕ್ಕನ ಮಗಳಿಗೆ ಈಗ ಹನ್ನೊಂದು. ವಾರ್ಷಿಕ ಕೂಟಗಳಲ್ಲಿ ವೇದಿಕೆ ಹತ್ತಿ ಗಡಗಡ ಓದುವವಳು ಅವಳೇ. "ಅಜ್ಜಿ ಹಳ್ಳಿಗೆ ಹೋದರು" ಎಂಬಲ್ಲಿ "ಅಜ್ಜಿ ಹಲ್ಲಿಗೆ ಹೋದರು" ಎಂದು ಓದಿ ಸಭೆಯನ್ನೆಲ್ಲ ನಗಿಸಿದ್ದಳು. ನಾಲಿಗೆ ಹೊರಳುವುದಿಲ್ಲ ಪಾಪ, ಅಂದುಕೊಂಡೆವು. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಲಕಾರಕ್ಕೂ ಳಕಾರಕ್ಕೂ ಇರುವುದು ಒಂದೇ ಅಕ್ಷರ ಎಂಬುದು ಯಾರಿಗೂ ಹೊಳೆಯಲಿಲ್ಲ.

ಹನ್ನೆರಡನೆಯ ಪುಸ್ತಕ, ಊರಿನಿಂದ ಬಂದ ಅಜ್ಜಿಯ ಸೂಟ್‌ಕೇಸಿನ ಕಥೆ, ನಲವತ್ತೆರಡು ಮನೆಗಳಿಗೆ ಹೋಯಿತು. ನಮ್ಮ ಮನೆಗೂ ಬಂತು. ಮೊದಲ ದಿನವೇ ಗುಬ್ಬಿ ಪುಟದ ಮೇಲೆ ಬೆರಳಿಟ್ಟು, "ಅಮ್ಮಾ, ಅಜ್ಜಿ ಮುರಿದೋಗಿದೆ" ಅಂದಳು.

"ಅಜ್ಜಿ ಮುರಿಯಲ್ಲ ಪುಟ್ಟಾ. ನೋಡು, ಚಿತ್ರದಲ್ಲಿ ಚೆನ್ನಾಗೇ ಇದ್ದಾರೆ" ಎಂದು ಪುಟ ತಿರುಗಿಸಿದೆ. ಡ್ಯೂಟಿಗೆ ಹೊತ್ತಾಗಿತ್ತು.

ಮೂರನೆಯ ಶನಿವಾರ. ಸಮುದಾಯ ಭವನದ ಮಹಡಿಯ ಕೋಣೆ, ಗೋಡೆಗೆ ಒರಗಿಸಿದ ಮಡಚು ಕುರ್ಚಿಗಳು, ನೆಲ ಒರೆಸಿದ ಫಿನಾಯಿಲ್ ವಾಸನೆ. ಗುಬ್ಬಿ ಪುಸ್ತಕ ಎತ್ತಿಕೊಂಡು ಹೋಗಿ ಅಕ್ಕನ ಮಡಿಲಲ್ಲೇ ಇಟ್ಟಳು. "ಅಜ್ಜಿ ಮುರಿದೋಗಿದೆ. ಪಾಪು ಬಿದ್ದೋಗಿದೆ."

ಅಕ್ಕ ನಕ್ಕರು. ಅಜ್ಜಿ ಎಂದು ಬರೆದಾಗ ಜಿಯ ಪಾದದ ಬಳಿ ಪುಟ್ಟದೊಂದು ಜ ಕೂರುತ್ತದಲ್ಲ, ಆ ಒತ್ತಕ್ಷರಕ್ಕೆ ಗುಬ್ಬಿ ಪಾಪು ಎನ್ನುತ್ತಿದ್ದಳು. ನಗುತ್ತಲೇ ಅಕ್ಕ ಪುಟ ನೋಡಿದರು. ನಗು ಅಲ್ಲೇ ನಿಂತಿತು. ಇನ್ನೊಂದು ಪುಟ ತಿರುಗಿಸಿದರು, ಮತ್ತೊಂದು.

ಪುಸ್ತಕದ ತುಂಬ ಒಂದೇ ಒಂದು ಒತ್ತಕ್ಷರ ಇರಲಿಲ್ಲ. ಕೆಳಗೆ ಕೂರಬೇಕಾದ ಅಕ್ಷರಗಳು ಪಕ್ಕಕ್ಕೆ ಬಂದು ನಿಂತಿದ್ದವು. ಗುಡಿಸು, ಕೊಂಬುಗಳು ಅಕ್ಷರದಿಂದ ಕಳಚಿ ಗಾಳಿಯಲ್ಲಿ ತೇಲುತ್ತಿದ್ದವು. ಅಜ್ಜಿ ಇರಬೇಕಾದಲ್ಲಿ ಅಜ್ ಜಿ. ಅಮ್ಮ, ಅಪ್ಪ, ಅಕ್ಕ, ಅಣ್ಣ, ಚಿಕ್ಕಪ್ಪ, ದೊಡ್ಡಮ್ಮ: ಕನ್ನಡದಲ್ಲಿ ಹತ್ತಿರದ ನೆಂಟರಿಗೆ ಹೆಚ್ಚಾಗಿ ಒತ್ತಕ್ಷರವೇ. ಒಬ್ಬರೂ ಇಡಿಯಾಗಿ ಉಳಿದಿರಲಿಲ್ಲ.

"ಮೂರು ವಾರ ಆಯ್ತು. ನಲವತ್ತೆರಡು ಮನೆ. ಒಬ್ಬರಾದ್ರೂ ಫೋನ್ ಮಾಡಬಾರದಾಗಿತ್ತಾ?" ಅಕ್ಕ ನನ್ನನ್ನೇ ನೋಡಿದರು. ನನಗೆ ಕನ್ನಡ ಓದಲು ಚೆನ್ನಾಗಿಯೇ ಬರುತ್ತದೆ. ಆ ಪುಸ್ತಕವನ್ನು ಗುಬ್ಬಿಗೆ ನಾಲ್ಕು ಸಲ ಓದಿ ಹೇಳಿದ್ದೆ. ನಾಲ್ಕೂ ಸಲ ನನ್ನ ಕಣ್ಣು ಓಡಿದ್ದು ಕೆಳಗಿನ ಸಾಲಿನ ಮೇಲೆ.

ಅಕ್ಕನ ಅಂಗಡಿಯಲ್ಲಿ ಒಂದು ತಂಟೆಯಿದೆ. ಡ್ರೈವಿಂಗ್ ಲೈಸೆನ್ಸಿಗೆ ಕಣ್ಣಿನ ಪರೀಕ್ಷೆಗೆ ಬರುವವರಲ್ಲಿ ಕೆಲವರು ಗೋಡೆಯ ಅಕ್ಷರಪಟವನ್ನು ಬಾಯಿಪಾಠ ಮಾಡಿಕೊಂಡೇ ಬಂದಿರುತ್ತಾರೆ. ಅನುಮಾನ ಬಂದರೆ ಪಟ ಬದಲಿಸಬೇಕು. ಅಕ್ಕ ಅದನ್ನೇ ಮಾಡಿದರು. ಅಕ್ಷರ ಒಡೆಯದ ಹಳೆಯ ಪುಸ್ತಕಗಳನ್ನು ಡಬ್ಬದಿಂದ ತೆಗೆದು, ನೋಟ್‌ಬುಕ್ಕಿನಿಂದ ಕಾಗದದ ಪಟ್ಟಿ ಹರಿದು, ಕೆಳಗಿನ ಸಾಲಿನ ಮೇಲೆ ಕ್ಲಿಪ್ ಹಾಕಿದರು.

ಮೊದಲು ಅವಳಿ ಅಕ್ಕತಂಗಿಯರು. ಗಡಗಡ ಓದಿಬಿಟ್ಟರು. ನನಗೆ ಜೀವ ಬಂತು. ಅಕ್ಕ ಮಾತ್ರ ಇನ್ನೊಂದು ಹಾಳೆ ತೆಗೆದು ಚಿತ್ರವನ್ನೂ ಮುಚ್ಚಿದರು. "ಈಗ ಓದಿ." ಇಬ್ಬರೂ ಮುಖಮುಖ ನೋಡಿಕೊಂಡರು. ಒಬ್ಬಳು ಪಿಸುಗುಟ್ಟಿದಳು: "ಇದು ಯಾವ ಪೇಜು?"

ಒಬ್ಬೊಬ್ಬರಾಗಿ ಎಂಟು ಮಕ್ಕಳು. ಅ ಆ ಇ ಈ ಎಲ್ಲರಿಗೂ ಬರುತ್ತಿತ್ತು, ರಾಗವಾಗಿ. ಎರಡು ಅಕ್ಷರ ಕೂಡಿಸಿದರೆ ಇಲ್ಲ. ಕೊನೆಗೆ ಅಕ್ಕ ತಮ್ಮ ಮಗಳ ಕಡೆ ತಿರುಗಿದರು. ಆ ಹುಡುಗಿ ಆಗಲೇ ತಲೆ ತಗ್ಗಿಸಿದ್ದಳು.

"ನೀನು ಓದು, ಕಂದ."

"ಬರಲ್ಲ ಅಮ್ಮಾ."

"ಬರಲ್ಲ ಅಂದ್ರೆ? ಸ್ಟೇಜ್ ಮೇಲೆ ಓದ್ತೀಯಲ್ಲ?"

"ಕೆಳಗಿಂದು ಓದ್ತೀನಿ. ಎಲ್ಲಾರೂ ಕೆಳಗಿಂದೇ ಓದೋದು."

"ಮತ್ತೆ ಮೇಲಿನ ಸಾಲು ಯಾಕಿದೆ ಅಂದ್ಕೊಂಡಿದ್ದೆ?"

ತರಲೆ ಇರಲಿಲ್ಲ ಅವಳ ದನಿಯಲ್ಲಿ. "ಚಂದಕ್ಕೆ" ಅಂದಳು.

ಅಕ್ಕ ಪುಸ್ತಕ ಮುಚ್ಚಿದರು. ಆ ಕೋಣೆಯಲ್ಲಿ ಒಡೆದ ಅಕ್ಷರ ಕಂಡದ್ದು ಗುಬ್ಬಿಯೊಬ್ಬಳಿಗೇ, ಅದೂ ಇಂಗ್ಲಿಷ್ ಅಕ್ಷರ ಇನ್ನೂ ಕಲಿಯದೆ ಇದ್ದುದರಿಂದ.

ಸೋಮವಾರ ಊಟದ ವಿರಾಮದಲ್ಲಿ ಅಕ್ಕ ಮುದ್ರಣಾಲಯಕ್ಕೆ ಹೋದರು. ರೋಷ ನೆತ್ತಿಗೇರಿತ್ತು. ಪ್ರೆಸ್ಸಿನವನಿಗೆ ಕನ್ನಡದ ಗಂಧಗಾಳಿ ಇಲ್ಲ. ಅವನ ಹೊಸ ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಜೋಡಿಸುವ ಸೌಲಭ್ಯ ಆರಿಹೋಗಿತ್ತು, ಫೈಲು ತೆರೆದ ಕ್ಷಣವೇ ಒತ್ತು, ಕೊಂಬು, ದೀರ್ಘ ಎಲ್ಲ ಬಿಡಿಬಿಡಿ. ಆದರೆ ಅವನು ಸಮಾಧಾನವಾಗಿ ತನ್ನ ಫೋನು ತೆಗೆದು ತೋರಿಸಿದ. ಕರಡು ಪ್ರತಿಯನ್ನು ಅಕ್ಕನಿಗೆ ಕಳಿಸಿದ್ದ. ಅಕ್ಕ ಎರಡು ತಿದ್ದುಪಡಿ ಬರೆದು, ಉಳಿದದ್ದೆಲ್ಲ ಸರಿಯಿದೆ ಎಂದು ಉತ್ತರ ಕೊಟ್ಟಿದ್ದರು. ಎರಡೂ ತಿದ್ದುಪಡಿ ಕೆಳಗಿನ ಸಾಲಿನವು.

"ನನ್ನ ಕಣ್ಣೇ ಕೆಟ್ಟಿದ್ದು ಕಣೆ" ಎಂದರು ಆ ಸಂಜೆ ನಮ್ಮ ಅಡುಗೆಮನೆಯಲ್ಲಿ ನಿಂತು. "ದಿನಾ ಊರವರ ಕಣ್ಣು ಸರಿಮಾಡ್ತೀನಿ. ನನ್ನ ಭಾಷೆ ನನ್ನ ಕಣ್ಣೆದುರಿಗೆ ಚೂರುಚೂರಾಗಿತ್ತು, ನೋಡದೆ ಕೆಳಗಿನ ಸಾಲಿಗೆ ಹಾರಿ ಹೋಗ್ಬಿಟ್ಟೆ." ಲೋಟದ ಕಾಫಿ ಆರಿಹೋಯಿತು, ಮುಟ್ಟಲಿಲ್ಲ.

ಎರಡು ಶನಿವಾರ ತರಗತಿ ನಡೆಯಲಿಲ್ಲ. ಮೂರನೆಯದಕ್ಕೆ ಅಪ್ಪ ಅಮ್ಮಂದಿರನ್ನೆಲ್ಲ ಕರೆಸಿ, ಇನ್ನು ಮುಂದೆ ಕೆಳಗಿನ ಸಾಲು ಇರುವುದಿಲ್ಲ ಎಂದರು. ಗುಲ್ಲೆದ್ದಿತು. ಅವಳಿಗಳ ತಾಯಿ ಅಳುವುದೊಂದು ಬಾಕಿ. "ಅಕ್ಕಾ, ನಾನು ಹುಟ್ಟಿದ್ದೇ ಇಲ್ಲಿ. ನನಗೇ ಓದೋಕೆ ಬರಲ್ಲ. ಮಕ್ಕಳಿಗೆ ಏನಂತ ಹೇಳಿಕೊಡ್ಲಿ?"

"ನಿನಗೂ ಸೇರಿಸೇ ಬರೀತೀನಿ. ಮಗುವಿನ ಪಕ್ಕ ನೀನೂ ಕೂತ್ಕೋ" ಎಂದರು ಅಕ್ಕ. ಪುಸ್ತಕದ ಬೆನ್ನಿಗೆ ಒಂದು ಚೌಕದ ಗುರುತು ಹಾಕುತ್ತೇನೆ, ಫೋನು ಹಿಡಿದರೆ ನನ್ನ ದನಿ ಓದಿ ಹೇಳುತ್ತದೆ, ಕಿವಿಗೆ ಅದು, ಕಣ್ಣಿಗೆ ಕನ್ನಡ ಮಾತ್ರ, ಎಂದು ವಿವರಿಸಿದರು. ಆದರೂ ನಲವತ್ತೆರಡು ಮನೆಯಲ್ಲಿ ಉಳಿದದ್ದು ಹದಿಮೂರು. ಆ ಸಂಖ್ಯೆ ಕೇಳಿ ಅಕ್ಕ ಮತ್ತೊಮ್ಮೆ ದಂಗಾದರು. ತಮ್ಮ ಪುಸ್ತಕಕ್ಕಲ್ಲ, ಕೆಳಗಿನ ಸಾಲಿಗೇ ಜನ ಬರುತ್ತಿದ್ದರೇ ಎಂದು.

ಹೊಸ ಪುಸ್ತಕ ಬರೆಯುವುದು ಹಳೆಯ ಹನ್ನೆರಡಕ್ಕಿಂತ ಕಷ್ಟವಾಯಿತು. ಒತ್ತಕ್ಷರ ಕಲಿಯುವವರೆಗೆ ಒತ್ತಕ್ಷರವಿಲ್ಲದ ಕಥೆ ಬೇಕು. ಹಾಗೆಂದರೆ ಅಮ್ಮನೂ ಇಲ್ಲ, ಅಪ್ಪನೂ ಇಲ್ಲ. ಅಕ್ಕ ನೆಂಟರನ್ನೆಲ್ಲ ಒಬ್ಬೊಬ್ಬರಾಗಿ ತಡಕಿ ಕೊನೆಗೆ ಮಾವನನ್ನು ಹಿಡಿದರು. ಮಾವ ಓಡಿದ. ಮಾವನ ಟೋಪಿ ಹಾರಿತು. ಟೋಪಿ ಮರ ಏರಿತು. ಮಾವ ಮರ ಏರಿದ. ಪುಟಕ್ಕೆ ಎರಡೋ ಮೂರೋ ಪದ, ಅವೇ ಪದಗಳು ಮತ್ತೆ ಮತ್ತೆ. ಚಿತ್ರ ಮಾತ್ರ ಗುಟ್ಟು ಬಿಟ್ಟುಕೊಡಬಾರದು: ಟೋಪಿ ಎಲ್ಲಿಗೆ ಹೋಯಿತೆಂದು ಓದಿದರಷ್ಟೇ ತಿಳಿಯಬೇಕು, ಉತ್ತರದ ಚಿತ್ರ ಪುಟ ತಿರುಗಿಸಿದ ಮೇಲೆ. ಅಚ್ಚಿಗೆ ಕಳಿಸುವ ಮುನ್ನ ಪದಗಳನ್ನೂ ಚಿತ್ರವಾಗಿಯೇ ಬದಲಿಸಿ ಕಳಿಸಿದರು, ಯಾರ ಕಂಪ್ಯೂಟರೂ ಅವನ್ನು ಬಿಚ್ಚಲಾಗದಂತೆ. ಕಾಗದದ ಮೇಲೆ ಅಚ್ಚಾದ ಕರಡನ್ನು ನಾನು, ಅಕ್ಕ, ಅವಳಿಗಳ ತಾಯಿ ಮೂವರೂ ಅಕ್ಷರಕ್ಕೆ ಬೆರಳಿಟ್ಟು ನೋಡಿದೆವು. ಆ ತಾಯಿ ಒಂದು ಪುಟಕ್ಕೆ ಕಾಲು ಗಂಟೆ ತೆಗೆದುಕೊಂಡಳು. ಟೋಪಿ ಮರ ಏರಿದ್ದು ಗೊತ್ತಾದಾಗ ಗಟ್ಟಿಯಾಗಿ ನಕ್ಕುಬಿಟ್ಟಳು.

ಅಕ್ಕನ ಮಗಳು ಮಾತ್ರ ಆ ಪುಸ್ತಕ ಮುಟ್ಟಲಿಲ್ಲ. ಹನ್ನೊಂದು ವರ್ಷದವಳಿಗೆ ಐದು ವರ್ಷದವರ ಪುಸ್ತಕ! ಎಲ್ಲರೆದುರು ಮಾನ ಹೋಯಿತೆಂಬ ಸಿಟ್ಟು ಬೇರೆ. ಶನಿವಾರ ಕೋಣೆಯ ಮೂಲೆಯಲ್ಲಿ ಕೂತು, ಚಿಕ್ಕವರು ಓದುವುದನ್ನು ಕೇಳದವಳ ಹಾಗೆ ಕೇಳುತ್ತಿದ್ದಳು. ಅಕ್ಕ ಬಲವಂತ ಮಾಡಲಿಲ್ಲ. ಮಾಡುವ ಧೈರ್ಯವೇ ಉಳಿದಿರಲಿಲ್ಲ ಎಂದು ಆಮೇಲೆ ನನ್ನ ಬಳಿ ಒಪ್ಪಿಕೊಂಡರು.

ಏಳು ತಿಂಗಳಾಯಿತು. ಒಂದು ಬೆಳಿಗ್ಗೆ ತಾಯಿ ಮಗಳಿಗೆ ಈಜಿನ ತರಬೇತಿಯ ವಿಷಯಕ್ಕೆ ಜಗಳ. ಹುಡುಗಿ ಬಾಗಿಲು ಬಡಿದು ಶಾಲೆಗೆ ಹೋದಳು. ಅಕ್ಕ ಮುಖ ತೊಳೆಯಲು ಬಚ್ಚಲಿಗೆ ಹೋದರೆ ಕನ್ನಡಿಗೆ ಚೀಟಿಯೊಂದು ಅಂಟಿಕೊಂಡಿತ್ತು. ಪೆನ್ಸಿಲಿನ ದಪ್ಪ ಅಕ್ಷರ:

"ಅಮ್ಮ ನನಗೆ ಕೊಪ ಬಂದಿದೆ. ಮಾತಡಬೆಡ."

ಅದರ ಕೆಳಗೆ ಇನ್ನೊಂದು ಸಾಲು ಇರಲಿಲ್ಲ.

ಅಕ್ಕ ಅಂಗಡಿಗೆ ಹೋಗುವ ದಾರಿಯಲ್ಲಿ ನನಗೆ ಫೋನ್ ಮಾಡಿದರು. ಮೊದಲು ಅವರ ಉಸಿರಷ್ಟೇ ಕೇಳಿಸಿತು. ಯಾರಿಗೋ ಏನೋ ಆಗಿದೆ ಅಂದುಕೊಂಡೆ.

"ಏನಾಯ್ತಕ್ಕಾ?"

"ನನ್ನ ಮಗಳು ನನ್ನನ್ನ ಬೈದಿದ್ದಾಳೆ" ಎಂದರು, ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯದ ದನಿಯಲ್ಲಿ. "ಕನ್ನಡದಲ್ಲಿ ಕಣೆ. ಬರೆದು ಬೈದಿದ್ದಾಳೆ. ಅಮ್ಮಕ್ಕೆ ಒತ್ತು ಸರಿಯಾಗೇ ಕೊಟ್ಟಿದ್ದಾಳೆ. ಕೋಪ ಹೋಗಿ ಕೊಪ ಆಗಿದೆ ಅಷ್ಟೇ."

"ಕೊಪ ಅಂತ ಬರೆದಿದ್ದನ್ನ ತಿದ್ದಿದ್ರಾ?"

"ಮಾತಾಡಬೇಡ ಅಂದಿದ್ದಾಳಲ್ಲ" ಎಂದರು ಅಕ್ಕ.