ಶನಿವಾರದ ಕೈಕೆಲಸ

ಬನಹಟ್ಟಿ ಹೆಣ್ಣುಮಕ್ಕಳ ಸಾಲ್ಯಾಗ ನಾನು ಮೂರನೇ ಇಯತ್ತೆಗೆ ಅಕ್ಕೋರು. ಮುಂಬೈ ಸರಕಾರದ ಕಾಲ ಅದು. ನಂಗ ಭಾಳ ಶಾಣ್ಯಾಕಿ ಅಂತ ಒಣ ಜಂಬ ಇತ್ತು.

ನನ್ನ ವರ್ಗದಾಗಿನ ನೇಕಾರರ ಮನಿ ಹುಡುಗಿಯೊಬ್ಬಾಕಿ ಅಪ್ಪ ಜ್ವರ ಬಂದು ತೀರಿಕೊಂಡ. ಹದಿನೈದು ದಿನ ಬಿಟ್ಟು ಸಾಲಿಗೆ ಬಂದಳು. ನಾ ಏನು ಮಾಡಿದೆ? ಮುಂದ ಕುಂಡರಿಸಿದೆ, ಮಗ್ಗಿ ಕೇಳಲಿಲ್ಲ. ಅಪ್ಪನ ಮ್ಯಾಲಿನ ಪಾಠ ಬಂದ ದಿನ "ನೀ ಹೊರಗ ಹೋಗಿ ನೀರು ಕುಡಿದು ಬಾರವ್ವಾ" ಅಂದೆ. ಆಕಿ ಎದ್ದು ಹೋಗೂ ಮಟಾ ಇಡೀ ವರ್ಗದ ಹುಡುಗ್ಯಾರೂ ತಿರುಗಿ ನೋಡಿದರು. ಅವತ್ತಿಂದ ಆಕಿ ಮಾತು ಬಂದ್. ಕರುಣಾ ತೋರಸಾಕ ಹೋಗಿ ಕೂಸಿನ ಹಣಿಗೆ 'ಅಪ್ಪ ಇಲ್ಲದಾಕಿ' ಅಂತ ಚೀಟಿ ಹಚ್ಚಿದ್ದೆ ನಾನು. ನಂದ ನಂಗ ಸಿಟ್ಟು ಬಂತು.

ಒಂದಿನ ಆ ಹುಡುಗಿ ಅವ್ವ ಸಾಲಿಗೆ ಬಂದು ನಿಂತಳು. "ಸುಮ್ನ ಕುಂಡ್ರೂದಾದ್ರ ಸಾಲಿ ಯಾಕ್ರೀ ಅಕ್ಕೋರ? ಬರೂ ತಿಂಗಳಿಂದ ಮನ್ಯಾಗ ಮಗ್ಗಕ್ಕ ನೂಲಿನ ಕಂಡಿಕಿ ಸುತ್ತಲಿ."

ತಿಂಗಳು ಮುಗಿಯಾಕ ಮೂರ ವಾರ ಉಳಿದಿದ್ವು.

ಹುಡುಗೀನ ಹಳೇ ಜಾಗಾಕ್ಕ, ಗೆಳತಿ ಬಾಜೂಕ ಕಳಿಸಿದೆ. ಮಗ್ಗಿ ಎಲ್ಲಾರಂಗ ಆಕಿಗೂ ಕೇಳಿದೆ. ಶನಿವಾರ ಎಲ್ಲಾರನ್ನೂ ದುಂಡಗ ಕುಂಡರಿಸಿ ಹೇಳಿದೆ: "ಕೈಗೆ ಬರೂ ಒಂದು ಕೆಲಸ ಮಾಡಿ ತೋರಸ್ರಿ. ಯಾರು ಕಲಿಸಿದರು ಅಂತ ನಾ ಕೇಳೂದಿಲ್ಲ. ಮನಸ್ಸಿಲ್ಲದಾಕಿ 'ಮುಂದ' ಅಂದ್ರ ಸಾಕು, ಪಾಳಿ ಬಾಜೂಕಿನಾಕಿಗೆ ಹೋಗತೈತಿ." ಮೊದಲ ಪಾಳಿ ನಂದು. ಬೇಕಂತನ "ಮುಂದ" ಅಂದೆ. ಹುಡುಗ್ಯಾರು ಕಿಸಕ್ಕಂತ ನಕ್ಕರು. ಒಬ್ಬಾಕಿ ರೊಟ್ಟಿ ಬಡಿಯೂದು ತೋರಿಸಿದಳು, ಇನ್ನೊಬ್ಬಾಕಿ ಜಡಿ ಹಾಕಿದಳು. ಐದಾರು ಮಂದಿ "ಮುಂದ" ಅಂದರು. ಆ ಹುಡುಗೀನೂ ಅಂದಳು. ಯಾರೂ ತಿರುಗಿ ನೋಡಲಿಲ್ಲ.

ಎರಡನೇ ಶನಿವಾರನೂ "ಮುಂದ". ಯಾಕ ಅಂತ ಕೇಳಬೇಕು ಅಂತ ನಾಲಿಗಿ ತುರಿಸಿತು, ಆದರೂ ಬಾಜೂಕಿನಾಕಿಗೆ ಪಾಳಿ ಕೊಟ್ಟೆ.

ಮೂರನೇ ಶನಿವಾರ ನೇಕಾರರ ಪೈಕಿ ಇನ್ನೊಬ್ಬ ಹುಡುಗಿ ತನ್ನ ಮನಿಯಿಂದ ನೂಲಿನ ತುಂಡು ತಂದು ಎಲ್ಲಾರಿಗೂ ಹಂಚಿದಳು. ಮಗ್ಗದಾಗ ಎಳಿ ಹರಿದರ ಹಾಕೂ ಗಂಟು ತೋರಸಾಕ ಹೋಗಿ ತಾನ ಸಿಕ್ಕು ಮಾಡಿಕೊಂಡು ಕುಂತಳು. ನಾನೂ ಹಾಕಿದೆ. ಎಳದ ಕೂಡ್ಲೇ ಬಿಚ್ಚಿತು. ಇಡೀ ವರ್ಗ ತಲಿ ಬಗ್ಗಿಸಿ ನೂಲಿನ ಕೂಡ ಗುದ್ದಾಡಾಕತ್ತಿತ್ತು.

ಬಾಜೂಕ ಯಾರೋ ಬಂದು ಕುಂತರು. ಸಣ್ಣ ಕೈಯೊಂದು ನನ್ನ ಬೆರಳಾಗಿನ ನೂಲು ತಗೊಂತು.

"ಹಂಗಲ್ರೀ ಅಕ್ಕೋರ. ತುದಿ ಗಿಡ್ಡ ಬಿಟ್ಟೀರಿ. ನಮ್ಮಪ್ಪ ಹಿಂಗ ಹಾಕತಿದ್ದ."

ಗಂಟು ಹಾಕಿ, ಎಳದು ತೋರಿಸಿದಳು. ಬಿಚ್ಚಲಿಲ್ಲ. ಆಮ್ಯಾಲ ಎದ್ದು ಒಬ್ಬೊಬ್ಬರ ಹತ್ತರ ಹೋಗಿ, "ಏ, ಕೊಡ ಇಲ್ಲಿ" ಅಂತ ಗದರಿಸಿ ಕಲಿಸಿದಳು. ಅಪ್ಪ ಅನ್ನೂ ಮಾತು ಆಕಿ ಬಾಯಿಂದ ಐದಾರು ಸಲ ಬಂತು. ಹುಡುಗ್ಯಾರಿಗೆ ಅದರ ಖಬರ ಇಲ್ಲ, ಅವರಿಗೆ ಗಂಟು ಬರಬೇಕಾಗಿತ್ತು.

ನಾ ಗೆದ್ದೆ ಅನಿಸಿ ಕುಣಿಯೂವಷ್ಟು ಖುಷಿ ಆತು. ಸೋಮವಾರ ಆಕಿ ಅವ್ವ ಮಗಳನ್ನ ಸಾಲಿ ಬಿಡಸಾಕ ಮತ್ತ ಬಂದಳು. ಹೊಸ್ತಿಲದಾಗ ನಿಂತು ಒಳಗ ನೋಡಿದಳು. ಮಗಳು ಎದ್ದು ನಿಂತು ಹದಿಮೂರರ ಮಗ್ಗಿ ಒದರಾಕತ್ತಿದ್ದಳು. ಆ ತಾಯಿ ಸೆರಗಲೆ ಕಣ್ಣು ಒರಿಸಿಕೊಂಡು, ಮಗಳನ್ನ ಸಾಲ್ಯಾಗ ಬಿಟ್ಟು ತಾನೊಬ್ಬಾಕಿನ ಮನಿಗೆ ಹೋದಳು.